ಇನ್ವರ್ಟರ್, ಜನರೇಟರ್ ಮೇಲೆ ಫ್ರಿಜ್: ಸ್ಟಾರ್ಟ್ ಆಗೋ ಆ ಒಂದು ಸೆಕೆಂಡಲ್ಲಿ ಏನಾಗತ್ತೆ

ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೂ ಮೂಡಿಗೆರೆ, ಕಳಸ, ಸಕಲೇಶಪುರ ಕಡೆ ತೋಟದ ಮನೆಗಳಿಂದ ನಂಗೆ ಬರೋ ಫೋನು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. "ಅಣ್ಣಾ, ಕರೆಂಟ್ ಹೋಗಿ ಎರಡು ದಿನ ಆಯ್ತು, ಫ್ರಿಜ್ನ ಇನ್ವರ್ಟರ್ಗೆ ಹಾಕಿದ್ವಿ, ಒಳಗೆ ಲೈಟ್ ಬರತ್ತೆ, ಹಿಂದ್ಗಡೆ ಝುಂ ಅಂತದೆ, ಆಮೇಲೆ ಟಿಕ್ ಅಂತದೆ, ತಣ್ಣಗೆ ಮಾತ್ರ ಆಗ್ತಿಲ್ಲ." ಇನ್ವರ್ಟರ್ ಎಷ್ಟರದ್ದು ಅಂತ ಕೇಳಿದ್ರೆ 850 ವಿಎ ಅಂತಾರೆ. ಫ್ರಿಜ್ಜು ನೂರು ವ್ಯಾಟ್ ಚಿಲ್ಲರೆ ಅಲ್ವಾ, ಇನ್ವರ್ಟರ್ ಅದಕ್ಕಿಂತ ಆರೇಳು ಪಟ್ಟು ದೊಡ್ಡದು ಅಲ್ವಾ, ಯಾಕೆ ಎಳೀತಿಲ್ಲ ಅನ್ನೋದು ಅವರ ಪ್ರಶ್ನೆ. ಲೆಕ್ಕ ನೋಡಿದ್ರೆ ಅವರು ಹೇಳೋದೂ ಸರಿನೇ, ಆದ್ರೆ ಆ ನೂರು ವ್ಯಾಟ್ ಅನ್ನೋದು ಕಂಪ್ರೆಸರ್ ತಿರುಗೋಕೆ ಶುರು ಆದ್ಮೇಲಿನ ಲೆಕ್ಕ. ತಿರುಗೋಕೆ ಶುರು ಮಾಡೋ ಮೊದಲನೇ ಸೆಕೆಂಡಿನ ಲೆಕ್ಕನೇ ಬೇರೆ, ಕಂಪ್ರೆಸರ್ ಉಳಿಯೋದೂ ಸುಡೋದೂ ಆ ಸೆಕೆಂಡಲ್ಲೇ ತೀರ್ಮಾನ ಆಗೋದು. ಹಾಗಾಗಿ ಇಲ್ಲಿ ಆ ಒಂದು ಸೆಕೆಂಡ್ನೇ ಬಿಡಿಸಿ ಹೇಳ್ತೀನಿ, ಅದು ಅರ್ಥ ಆದ್ರೆ ಇನ್ವರ್ಟರ್, ಜನರೇಟರ್, ಸೋಲಾರ್ ಮೂರೂ ತಾವಾಗೇ ಅರ್ಥ ಆಗತ್ತೆ.

ನಮ್ಮ ಕಡೆ ಜಾಸ್ತಿ ಇರೋದು 190 ಲೀಟರ್ ಆಸುಪಾಸಿನ ಸಿಂಗಲ್ ಡೋರ್ ಫ್ರಿಜ್ಜು, ಹಳೇ ಥರದ ಮಾಮೂಲಿ ಕಂಪ್ರೆಸರ್ ಇರೋದು. ಅದರೊಳಗಿನ ಮೋಟರಿಗೆ ಎರಡು ವೈಂಡಿಂಗ್ ಇರತ್ತೆ, ಒಂದು ರನ್ನಿಂಗ್, ಇನ್ನೊಂದು ಸ್ಟಾರ್ಟಿಂಗ್. ರನ್ನಿಂಗ್ ಒಂದಕ್ಕೇ ಕರೆಂಟ್ ಕೊಟ್ರೆ ಮೋಟರ್ ತಾನಾಗಿ ತಿರುಗಲ್ಲ, ಸುಮ್ನೆ ನಡುಗ್ತಾ ಝುಂ ಅಂತಿರತ್ತೆ. ಸ್ಟಾರ್ಟಿಂಗ್ ವೈಂಡಿಂಗೂ ಅರ್ಧ ಮುಕ್ಕಾಲು ಸೆಕೆಂಡ್ ಜೊತೆಗಿದ್ರೆ ಮಾತ್ರ ತಿರುಗೋಕೆ ಹಿಡಿಯತ್ತೆ, ತಿರುಗಿದ್ಮೇಲೆ ಅದು ಲೈನಿಂದ ಆಚೆ ಹೋಗ್ಬೇಕು. ಅದನ್ನ ಆಚೆ ಹಾಕೋ ಕೆಲಸ ಮಾಡೋದು ಕಂಪ್ರೆಸರ್ ಪಕ್ಕ ಕೂತಿರೋ ಚಿಕ್ಕ ಪಿಟಿಸಿ ರಿಲೇ. ಒಳಗೆ ನಾಣ್ಯದ ಥರ ಒಂದು ಬಿಲ್ಲೆ ಇರತ್ತೆ, ತಣ್ಣಗಿದ್ದಾಗ ಕರೆಂಟ್ನ ಸಲೀಸಾಗಿ ಬಿಡತ್ತೆ, ಕರೆಂಟ್ ಹರಿದು ಬಿಸಿ ಆದ ತಕ್ಷಣ ತಡೆ ಹಾಕತ್ತೆ, ಫ್ರಿಜ್ ಓಡ್ತಿರೋಷ್ಟು ಹೊತ್ತೂ ಬಿಸಿಯಾಗೇ ಇರತ್ತೆ. ಈ ಬಿಲ್ಲೆ ಮತ್ತೆ ತಣ್ಣಗಾಗೋಕೆ ಮೂರರಿಂದ ಐದು ನಿಮಿಷ ಬೇಕು. ಈ ಒಂದು ವಿಷ್ಯ ನೆನಪಲ್ಲಿಟ್ಕೊಳಿ, ಮುಂದೆ ಬೇಕಾಗತ್ತೆ.

ಈಗ ಸ್ಟಾರ್ಟಿಂಗ್ ಕರೆಂಟು. ನಿಂತಿರೋ ಮೋಟರಿಗೆ 230 ವೋಲ್ಟ್ ಕೊಟ್ಟಾಗ ಅದು ಎಳೆಯೋ ಕರೆಂಟ್ ಓಡೋವಾಗಿನದ್ದಕ್ಕಿಂತ ಬಹಳ ಜಾಸ್ತಿ. ಕಂಪ್ರೆಸರ್ ಮೈಮೇಲಿನ ಸ್ಟಿಕ್ಕರ್ನಲ್ಲಿ ಕೆಲವು ಸಲ ಎಲ್‌ಆರ್‌ಎ ಅಂತ ಬರೆದಿರತ್ತೆ, ಅಂದ್ರೆ ಮೋಟರ್ ತಿರುಗದೇ ಹಿಡ್ಕೊಂಡಿದ್ದಾಗ ಎಳೆಯೋ ಆಂಪ್ಸು. ಕಳೆದ ಮಳೆಗಾಲ ಮೂಡಿಗೆರೆ ಆಚೆ ಒಂದು ತೋಟದ ಮನೇಲಿ ನೋಡಿದ ಫ್ರಿಜ್ನ ಲೆಕ್ಕನೇ ಹೇಳ್ತೀನಿ. ಓಡೋವಾಗ 0.8 ಆಂಪ್ಸು, ವ್ಯಾಟಲ್ಲಿ 105. ಸ್ಟಿಕ್ಕರ್ ಮೇಲೆ ಎಲ್‌ಆರ್‌ಎ 8 ಆಂಪ್ಸು. 8 ನ 230 ರಿಂದ ಗುಣಿಸಿದ್ರೆ 1840 ವಿಎ ಆಗತ್ತೆ. ಅಂದ್ರೆ ಒಂದು ಸೆಕೆಂಡಿಗೂ ಕಮ್ಮಿ ಹೊತ್ತು ಆದ್ರೂ ಸರಿ, ಆ ಫ್ರಿಜ್ಜು ಹತ್ತಿರ ಹತ್ತಿರ ಎರಡು ಕೆವಿಎ ಕೇಳತ್ತೆ. ಕೆಇಬಿ ಲೈನ್ ಚೆನ್ನಾಗಿದ್ರೆ ಇದು ಯಾರಿಗೂ ಗೊತ್ತೇ ಆಗಲ್ಲ, ಬಲ್ಬು ಒಂಚೂರು ಮಿಣುಕ್ ಅಂದು ಸುಮ್ನಾಗತ್ತೆ. 850 ವಿಎ ಇನ್ವರ್ಟರ್ಗೆ ಮಾತ್ರ ಇದು ತೂಕಕ್ಕೆ ಮೀರಿದ ಭಾರ.

ಭಾರ ಮೀರಿದಾಗ ಎರಡರಲ್ಲಿ ಒಂದು ಆಗತ್ತೆ. ಒಂದೋ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ಬಂದ್ ಆಗತ್ತೆ. ಇದು ನೋಡೋಕೆ ತೊಂದ್ರೆ ಥರ ಕಾಣತ್ತೆ, ಆದ್ರೆ ಫ್ರಿಜ್ಗೆ ಇದ್ರಿಂದ ಏನೂ ಆಗಲ್ಲ. ಇನ್ನೊಂದು ಏನಪ್ಪಾ ಅಂದ್ರೆ ಇನ್ವರ್ಟರ್ ಬಂದ್ ಆಗದೆ ವೋಲ್ಟೇಜ್ ಇಳಿಸ್ಕೊಂಡು ಎಳ್ಕೊಂಡು ಹೋಗತ್ತೆ, 230 ಇದ್ದದ್ದು 160 ಕ್ಕೋ 150 ಕ್ಕೋ ಬೀಳತ್ತೆ. ಕಂಪ್ರೆಸರ್ನ ಕೊಲ್ಲೋದು ಇದೇ. ಯಾಕಂದ್ರೆ ಮೋಟರಿನ ಎತ್ತೋ ಬಲ, ಟಾರ್ಕ್ ಅಂತೀವಲ್ಲ, ಅದು ವೋಲ್ಟೇಜ್ ಇಳಿದಷ್ಟೇ ಇಳಿಯಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯತ್ತೆ. 230 ಇದ್ದದ್ದು 160 ಆದ್ರೆ ವೋಲ್ಟೇಜ್ 70 ಪರ್ಸೆಂಟ್ ಉಳೀತು, ಬಲ ಮಾತ್ರ 49 ಪರ್ಸೆಂಟ್, ಅಂದ್ರೆ ಅರ್ಧ. ಅರ್ಧ ಬಲದಲ್ಲಿ ಕಂಪ್ರೆಸರ್ ಒಳಗಿನ ಒತ್ತಡ ತಳ್ಳಿ ತಿರುಗೋಕೆ ಆಗಲ್ಲ, ನಿಂತಲ್ಲೇ ನಿಲ್ಲತ್ತೆ, ನಿಂತಿರೋದ್ರಿಂದ ಜಾಸ್ತಿ ಕರೆಂಟ್ ಎಳೀತಾನೇ ಇರತ್ತೆ, ಆ ಕರೆಂಟೆಲ್ಲ ವೈಂಡಿಂಗಲ್ಲಿ ಬಿಸಿ ಆಗತ್ತೆ. ಝುಂ ಅನ್ನೋ ಸೌಂಡ್ ಅದೇ.

ಆ ಟಿಕ್ ಸೌಂಡು ಓಎಲ್‌ಪಿದು. ಪಿಟಿಸಿ ಪಕ್ಕದಲ್ಲೇ ಇರೋ ಚಿಕ್ಕ ಗುಂಡಗಿನ ಓವರ್‌ಲೋಡ್, ಒಳಗೆ ಎರಡು ಲೋಹದ ಪಟ್ಟಿ, ಬಿಸಿ ಆದ್ರೆ ಬಾಗಿ ಲೈನ್ ಕಟ್ ಮಾಡತ್ತೆ, ಕೆಲವು ನಿಮಿಷ ಬಿಟ್ಟು ತಣ್ಣಗಾಗಿ ಮತ್ತೆ ಸೇರತ್ತೆ. ಕಂಪ್ರೆಸರ್ ತಿರುಗದೇ ನಿಂತ್ರೆ ಹತ್ತು ಸೆಕೆಂಡ್ ಆಸುಪಾಸಲ್ಲಿ ಅದು ಕಟ್ ಮಾಡತ್ತೆ. ಅದು ಇಲ್ದಿದ್ರೆ ಒಂದೇ ಸಲಕ್ಕೆ ವೈಂಡಿಂಗ್ ಸುಟ್ಟು ಹೋಗ್ತಿತ್ತು. ಆದ್ರೆ ಓಎಲ್‌ಪಿ ಇರೋದು ಅಪರೂಪಕ್ಕೆ ಒಂದು ಸಲ ಕಾಪಾಡೋಕೆ, ರಾತ್ರಿ ಪೂರ್ತಿ ನಾಲ್ಕೈದು ನಿಮಿಷಕ್ಕೊಂದು ಸಲ ಝುಂ, ಟಿಕ್, ಝುಂ, ಟಿಕ್ ಅಂತ ನಡೆಯೋಕಲ್ಲ. ಹಾಗೆ ನಡೆದ್ರೆ ಪ್ರತೀ ಸಲ ವೈಂಡಿಂಗಿನ ಮೇಲಿನ ಇನ್ಸುಲೇಷನ್ ಒಂಚೂರು ಬೇಯತ್ತೆ, ಓಎಲ್‌ಪಿಯ ಪಾಯಿಂಟ್ ಒಂದು ದಿನ ಅಂಟ್ಕೊಂಡು ಬಿಟ್ರೆ ಆಮೇಲೆ ಕಟ್ ಮಾಡೋರೂ ಇಲ್ಲ. ಕರೆಂಟ್ ಬಂದ್ಮೇಲೆ "ಚೆನ್ನಾಗೇ ಇತ್ತು, ಇದ್ದಕ್ಕಿದ್ದಂಗೆ ಕಂಪ್ರೆಸರ್ ಹೋಯ್ತು" ಅಂತಾರಲ್ಲ, ಅದು ಇದ್ದಕ್ಕಿದ್ದಂಗೆ ಹೋಗಿರಲ್ಲ, ಆ ರಾತ್ರಿಗಳಲ್ಲೇ ಬೆಂದು ಹೋಗಿರತ್ತೆ.

ಟಿಕ್ ಕೇಳಿದ ತಕ್ಷಣ ಗಾಬರಿ ಬೇಡ, ಎಷ್ಟು ಸಲ ಅಂತ ಎಣಿಸಿ. ಒಂದು ಸಲ ಟಿಕ್ ಅಂದು, ಐದು ನಿಮಿಷ ಬಿಟ್ಟು ಸರಿಯಾಗಿ ಸ್ಟಾರ್ಟ್ ಆದ್ರೆ ಏನೂ ತೊಂದ್ರೆ ಇಲ್ಲ. ಮೂರನೇ ಸಲನೂ ಟಿಕ್ ಅಂದ್ರೆ ಪ್ಲಗ್ ಕಿತ್ತಾಕಿ. ಅದೇ ಫ್ರಿಜ್ಜು ಒಳ್ಳೇ ಲೈನ್ ಕರೆಂಟಲ್ಲಿ ಸಲೀಸಾಗಿ ಸ್ಟಾರ್ಟ್ ಆಗತ್ತೆ, ಇನ್ವರ್ಟರ್ ಮೇಲೆ ಮಾತ್ರ ಆಗಲ್ಲ ಅಂದ್ರೆ ತಪ್ಪು ಇನ್ವರ್ಟರ್ ಕಡೆದು. ಎರಡರ ಮೇಲೂ ಟಿಕ್ ಟಿಕ್ ಅಂತಿದ್ರೆ ರಿಲೇನೋ ಕಂಪ್ರೆಸರೋ ಕೆಟ್ಟಿದೆ, ಮೆಕ್ಯಾನಿಕ್ನ ಕರೀಬೇಕು. ರಿಲೇ ನೀವೇ ಬಿಚ್ಚೋಕೆ ಹೋಗ್ಬೇಡಿ, ಈಗಿನ ಫ್ರಿಜ್ಗಳಲ್ಲಿ ಆರ್600ಎ ಗ್ಯಾಸ್ ಇರೋದೇ ಜಾಸ್ತಿ, ಅದು ಬೆಂಕಿ ಹತ್ಕೊಳೋ ಗ್ಯಾಸು.

ಇನ್ನು ನಮ್ಮ ಮಲೆನಾಡಿನ ಮಾಮೂಲಿ ಕಾಟ ಒಂದಿದೆ, ಕರೆಂಟ್ ಹೋಗಿ ಬಂದು ಹೋಗಿ ಬರೋದು. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನಿಗೆ ತಾಗತ್ತೆ, ಒಂದು ಸೆಕೆಂಡ್ ಹೋಗತ್ತೆ, ಬರತ್ತೆ, ಮತ್ತೆ ಹೋಗತ್ತೆ. ಓಡ್ತಿದ್ದ ಕಂಪ್ರೆಸರ್ ಆ ಒಂದು ಸೆಕೆಂಡಲ್ಲಿ ನಿಂತೋಗಿರತ್ತೆ. ಈಗ ಆ ಪಿಟಿಸಿ ಬಿಲ್ಲೆ ನೆನಪು ಮಾಡ್ಕೊಳಿ. ಅದು ಬಿಸಿಯಾಗೇ ಇದೆ, ಸ್ಟಾರ್ಟಿಂಗ್ ವೈಂಡಿಂಗಿಗೆ ಕರೆಂಟೇ ಬಿಡಲ್ಲ. ಇನ್ನೊಂದು ಕಡೆ ಕಂಪ್ರೆಸರಿನ ಒಂದು ಬದೀಲಿ ಗ್ಯಾಸ್ ಜಾಸ್ತಿ ಒತ್ತಡದಲ್ಲಿ, ಇನ್ನೊಂದು ಬದೀಲಿ ಕಮ್ಮಿ ಒತ್ತಡದಲ್ಲಿ ಇರತ್ತೆ, ಕೂದಲಿನಷ್ಟು ಸಣ್ಣ ತೂತಿನ ಕ್ಯಾಪಿಲರಿ ಪೈಪಲ್ಲಿ ಅದು ಹರಿದು ಎರಡೂ ಕಡೆ ಸಮ ಆಗೋಕೆ ಅದಕ್ಕೂ ಮೂರು ನಾಲ್ಕು ನಿಮಿಷ ಬೇಕು. ಏರಿನಲ್ಲಿ ಲೋಡ್ ತುಂಬಿ ನಿಂತ ಜೀಪ್ನ ಕ್ಲಚ್ ಬಿಟ್ಟು ಎಳೆಸಿದಂಗೆ ಆಗತ್ತೆ ಅದು, ಎಂಜಿನ್ಗೂ ಕಷ್ಟ, ಕ್ಲಚ್ಗೂ ಕಷ್ಟ. ಎಂಥಾ ಒಳ್ಳೇ ಕರೆಂಟ್ ಕೊಟ್ರೂ ಆ ಹೊತ್ತಲ್ಲಿ ಮಾಮೂಲಿ ಕಂಪ್ರೆಸರ್ ಸ್ಟಾರ್ಟ್ ಆಗಲ್ಲ.

ಅದಕ್ಕೇ ನಾನು ಎಲ್ರಿಗೂ ಹೇಳೋದು, ದುಡ್ಡು ಖರ್ಚು ಮಾಡೋದಾದ್ರೆ ಮೊದ್ಲು ಟೈಮ್ ಡಿಲೇಗೆ ಮಾಡಿ. ಫ್ರಿಜ್ ಸ್ಟೆಬಿಲೈಸರ್ನಲ್ಲಿ ಅದು ಇರತ್ತೆ, ಬರೀ ಹೈ-ಲೋ ಕಟ್ ಮಾಡೋ ಚಿಕ್ಕ ಡಬ್ಬಿಗಳಲ್ಲೂ ಇರತ್ತೆ. ಕರೆಂಟ್ ಹೋಗಿ ಬಂದ್ರೆ ಮೂರರಿಂದ ಐದು ನಿಮಿಷ ಕಾದು ಆಮೇಲೆ ಫ್ರಿಜ್ಗೆ ಕೊಡತ್ತೆ, ವೋಲ್ಟೇಜ್ 180 ರ ಕೆಳಗೆ ಹೋದ್ರೆ ಅಥ್ವಾ 260-270 ರ ಮೇಲೆ ಹೋದ್ರೆ ಕಟ್ ಮಾಡತ್ತೆ. ಇಷ್ಟು ಇದ್ರೆ ಮೇಲೆ ಹೇಳಿದ ಝುಂ-ಟಿಕ್ ಕಥೇಲಿ ಮುಕ್ಕಾಲು ಪಾಲು ನಿಲ್ಲತ್ತೆ, ಯಾಕಂದ್ರೆ ವೋಲ್ಟೇಜ್ ಬಿದ್ದ ತಕ್ಷಣ ಡಬ್ಬಿನೇ ಕಟ್ ಮಾಡತ್ತೆ, ಓಎಲ್‌ಪಿ ಬಿಸಿ ಆಗೋವರೆಗೂ ಕಾಯೋದಿಲ್ಲ. ತಗೊಳೋವಾಗ ಡಿಲೇ ಎಷ್ಟು ನಿಮಿಷ ಅಂತ ಕೇಳಿ, ಅಂಗಡೀಲೇ ಪ್ಲಗ್ ಹಾಕ್ಸಿ ವಾಚ್ ನೋಡಿ. ಕೆಲವದ್ರಲ್ಲಿ ಡಿಲೇ ಅಂತ ಬರೆದಿರತ್ತೆ, ಇರೋದು ಹತ್ತು ಸೆಕೆಂಡ್ ಮಾತ್ರ, ಅದು ಫ್ರಿಜ್ಗೆ ಯಾವ ಕೆಲ್ಸಕ್ಕೂ ಬರಲ್ಲ.

ಈಗ ವೇವ್‌ಫಾರ್ಮ್ ವಿಷ್ಯ. ಲೈನ್ ಕರೆಂಟು ಸೈನ್ ವೇವ್, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯತ್ತೆ, 230 ಅಂತ ಹೇಳಿದ್ರೂ ತುದೀಲಿ 325 ವೋಲ್ಟ್ ವರೆಗೂ ಹೋಗತ್ತೆ. ಕಮ್ಮಿ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರ್ ಹಾಗಲ್ಲ, ಮೇಲೆ ಒಂದು ಸಲ, ಕೆಳಗೆ ಒಂದು ಸಲ ಅಂತ ಪಟ್ ಪಟ್ ಬದಲಾಯಿಸತ್ತೆ. ಬಲ್ಬ್, ಟಿವಿ, ಮೊಬೈಲ್ ಚಾರ್ಜರ್ಗೆ ಅದು ನಡೆಯತ್ತೆ. ಮೋಟರಿಗೆ ಯಾಕೆ ಆಗಲ್ಲ ಅಂದ್ರೆ, 230 ವೋಲ್ಟಿನ ಪಕ್ಕಾ ಸ್ಕ್ವೇರ್ ವೇವ್‌ನ ಬಿಡಿಸಿ ನೋಡಿದ್ರೆ ಅದರೊಳಗೆ ಮೋಟರ್ ತಿರುಗಿಸೋ 50 ಹರ್ಟ್ಸಿನ ಪಾಲು 207 ವೋಲ್ಟ್ ಮಾತ್ರ ಇರತ್ತೆ, 90 ಪರ್ಸೆಂಟ್. ಉಳಿದದ್ದು 150, 250, 350 ಹರ್ಟ್ಸಿನ ಹಾರ್ಮೋನಿಕ್ಸು, ಅವು ತಿರುಗೋಕೆ ಸಹಾಯ ಮಾಡಲ್ಲ, ಕಬ್ಬಿಣನೂ ತಂತೀನೂ ಬಿಸಿ ಮಾಡ್ತವೆ, ಗರ್ ಅಂತ ಸೌಂಡ್ ಮಾಡ್ತವೆ. ಈಗ ಮತ್ತೆ ಆ ವರ್ಗದ ಲೆಕ್ಕ ಹಾಕಿ, 90 ಪರ್ಸೆಂಟ್ ವೋಲ್ಟೇಜ್ ಅಂದ್ರೆ 81 ಪರ್ಸೆಂಟ್ ಬಲ. ಅಂದ್ರೆ ಇನ್ವರ್ಟರ್ ಎಷ್ಟೇ ದೊಡ್ಡದಿದ್ರೂ, ವೋಲ್ಟೇಜ್ ಒಂಚೂರೂ ಇಳೀದೆ ಇದ್ರೂ, ಬರೀ ವೇವ್ ಸ್ಕ್ವೇರ್ ಆಗಿರೋದ್ರಿಂದಲೇ ಸ್ಟಾರ್ಟಿಂಗ್ ಬಲದಲ್ಲಿ ಐದನೇ ಒಂದು ಭಾಗ ಹೋಯ್ತು. ಅದರ ಮೇಲೆ ಭಾರಕ್ಕೆ ಇಳಿಯೋ ವೋಲ್ಟೇಜೂ ಸೇರಿದ್ರೆ ಏನು ಉಳಿಯತ್ತೆ ನೀವೇ ನೋಡಿ.

ಸ್ಕ್ವೇರ್ ವೇವ್ ಇನ್ವರ್ಟರ್ನ ವೋಲ್ಟೇಜ್ ಅಳೆಯೋಕೆ ಹೋಗಿ ಮೋಸ ಹೋಗೋದೂ ಉಂಟು. ಇನ್ನೂರು ಮುನ್ನೂರು ರೂಪಾಯಿ ಮಲ್ಟಿಮೀಟರ್ ಸೈನ್ ವೇವ್ಗೆ ಲೆಕ್ಕ ಕಟ್ಟಿರೋದು, ಸ್ಕ್ವೇರ್ ವೇವ್ ಕೊಟ್ರೆ 11 ಪರ್ಸೆಂಟ್ ಜಾಸ್ತಿ ತೋರಿಸತ್ತೆ. ನಿಜಕ್ಕೂ 207 ಇದ್ರೆ ಮೀಟರಲ್ಲಿ 230 ಅಂತ ಬರತ್ತೆ, ಎಲ್ಲಾ ಸರಿ ಇದೆ ಅಂದ್ಕೋತೀವಿ. ಟ್ರೂ ಆರ್‌ಎಂಎಸ್ ಅಂತ ಬರೆದಿರೋ ಮೀಟರ್ ಬೇಕು. ಹಾಗೇ ಸ್ಕ್ವೇರ್ ವೇವ್ ಇನ್ವರ್ಟರ್ ಮುಂದೆ ಟ್ರಾನ್ಸ್‌ಫಾರ್ಮರ್ ಇರೋ ಸ್ಟೆಬಿಲೈಸರ್ ಹಾಕಿದ್ರೆ ಅದೂ ವೋಲ್ಟೇಜ್ ತಪ್ಪು ಓದತ್ತೆ, ಸಾಲದ್ದಕ್ಕೆ ತಾನೇ ಬಿಸಿ ಆಗಿ ಗುಂಯ್ ಅಂತದೆ. ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಫ್ರಿಜ್ಗೆ ಸ್ಕ್ವೇರ್ ವೇವ್ ಬೇಡ, ಮನೇಲಿರೋದು ಅದೇ ಆದ್ರೆ ಲೈಟ್ಗೆ ಇಟ್ಕೊಳಿ.

ಸೈನ್ ವೇವ್ ಇನ್ವರ್ಟರ್ ಹಾಕಿದ್ರೂ ಸ್ಟಾರ್ಟಿಂಗ್ ಕರೆಂಟ್ ಹಾಗೇ ಇರತ್ತೆ, ಅದು ಎಲ್ಲೂ ಹೋಗಲ್ಲ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರೋ ಭಾರದ ಇನ್ವರ್ಟರ್ಗಳು ಒಂದೆರಡು ಸೆಕೆಂಡ್ ತಮ್ಮ ರೇಟಿಂಗ್ಗಿಂತ ಎರಡು ಪಟ್ಟು ತಳ್ಳೋದು ಸಾಮಾನ್ಯ, ಹಗುರ ಇರೋವು ಅಷ್ಟು ತಳ್ಳಲ್ಲ. ಹಾಗಾಗಿ ಮೇಲಿನ 1840 ವಿಎ ಫ್ರಿಜ್ಗೆ, ಮನೆ ಲೈಟ್ ಫ್ಯಾನೂ ಸೇರಿಸಿ, ಭಾರದ್ದು ಅಂದ್ರೂ 1400 ವಿಎ ಕೆಳಗೆ ನಾನು ಹೇಳಲ್ಲ.

ಆ ಮೂಡಿಗೆರೆ ಮನೆ ಕಥೆಗೆ ಮತ್ತೆ ಬರ್ತೀನಿ. ಅವರ ಹತ್ರ ಇದ್ದದ್ದು 850 ವಿಎ ಸ್ಕ್ವೇರ್ ವೇವ್, 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು, ಅದಕ್ಕೆ ನಾಲ್ಕು ವರ್ಷ ವಯಸ್ಸು. ನಾನು ಹೋಗೋಕೆ ಮುಂಚೆ ಬೇರೆಯವರು ಬಂದು ಒಂದು 1100 ವಿಎ ಸೈನ್ ವೇವ್ ಇನ್ವರ್ಟರ್ ಹಾಕಿ ನೋಡಿದ್ರಂತೆ, ಅದ್ರಲ್ಲೂ ಆಗ್ಲಿಲ್ಲ, ಫ್ರಿಜ್ ಸ್ಟಾರ್ಟ್ ಆಗೋ ಹೊತ್ತಿಗೆ ಬ್ಯಾಟರಿ ಲೋ ಅಂತ ಕೂಗ್ತಿತ್ತು. ಬ್ಯಾಟರಿ ಫುಲ್ ಚಾರ್ಜ್ ಇದೆ, ಆದ್ರೂ ಲೋ ಅಂತದೆ, ಮನೆಯವರಿಗೆ ತಲೆ ಕೆಟ್ಟೋಗಿತ್ತು. ಇದನ್ನ ಬಿಡಿಸಿ ಹೇಳ್ಲೇಬೇಕು, ಯಾಕಂದ್ರೆ ಇದನ್ನ ಬಹಳ ಜನ ಬ್ಯಾಟರಿ ಕೆಟ್ಟಿದೆ ಅಂದ್ಕೊಂಡು ಹೊಸದು ತಗೋತಾರೆ.

230 ವೋಲ್ಟ್ ಕಡೆ 8 ಆಂಪ್ಸ್ ಅಂದ್ರೆ ಬ್ಯಾಟರಿ ಕಡೆ ಅದು 12 ವೋಲ್ಟಲ್ಲಿ ಬರ್ಬೇಕು. ಪವರ್ ಫ್ಯಾಕ್ಟರ್, ಇನ್ವರ್ಟರ್ ಲಾಸ್ ಎಲ್ಲಾ ಹಿಡಿದ್ರೆ ಆ ಕ್ಷಣದಲ್ಲಿ ಬ್ಯಾಟರಿಯಿಂದ ಹೋಗೋದು 120 ಆಂಪ್ಸ್ ಮೇಲೆ. ಅಲ್ಲಿ ಬ್ಯಾಟರಿ ವೈರ್ 10 ಸ್ಕ್ವೇರ್ ಎಂಎಂದು, ಹೋಗಿ ಬರೋದು ಸೇರಿ ನಾಲ್ಕು ಮೀಟರ್, ಯಾಕಂದ್ರೆ ಬ್ಯಾಟರಿನ ಮೆಟ್ಟಿಲ ಕೆಳಗೆ ಇಟ್ಟು ಇನ್ವರ್ಟರ್ನ ಮೇಲೆ ಗೋಡೆಗೆ ಹೊಡೆದಿದ್ರು. ಅಷ್ಟು ವೈರಲ್ಲೇ ಸುಮಾರು ಒಂದು ವೋಲ್ಟ್ ಬಿದ್ದೋಗತ್ತೆ. ನಾಲ್ಕು ವರ್ಷದ ಬ್ಯಾಟರಿ ತನ್ನೊಳಗೇ ಇನ್ನೊಂದು ವೋಲ್ಟ್ ಮೇಲೆ ತಿನ್ನತ್ತೆ. 12.5 ಇದ್ದದ್ದು ಇನ್ವರ್ಟರ್ ಟರ್ಮಿನಲ್ ಹತ್ರ ಬರೋ ಹೊತ್ತಿಗೆ 10.5 ಕ್ಕಿಂತ ಕೆಳಗೆ, ಅಲ್ಲಿಗೆ ಇನ್ವರ್ಟರ್ ಬ್ಯಾಟರಿ ಖಾಲಿ ಅಂತ ತಿಳ್ಕೊಂಡು ಕೈ ಎತ್ತತ್ತೆ. ಇನ್ವರ್ಟರ್ನ ಬ್ಯಾಟರಿ ಪಕ್ಕಕ್ಕೇ ತಂದು 35 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದ್ವಿ, ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿ ಕೆರೆದು ತೆಗೆದು ಗಟ್ಟಿಯಾಗಿ ಬಿಗಿದ್ವಿ. ವೈರಲ್ಲಿ ಬೀಳೋದು ಕಾಲು ವೋಲ್ಟ್ಗೂ ಕಮ್ಮಿ ಆಯ್ತು. ಅದೇ ಬ್ಯಾಟರಿ ಮೇಲೆ ಅದೇ 1100 ವಿಎ ಇನ್ವರ್ಟರ್ ಫ್ರಿಜ್ನ ಎತ್ತಿತು, ಒಂದೊಂದು ಸಲ ಅನುಮಾನಿಸ್ತಾ ಎತ್ತಿತು. ಅನುಮಾನಿಸ್ತಾ ಎತ್ತೋದು ಒಳ್ಳೇದಲ್ಲ, ಬ್ಯಾಟರಿ ಅರ್ಧ ಇಳಿದ್ಮೇಲೆ ಖಂಡಿತ ಎತ್ತಲ್ಲ, ಅದೂ ಮಧ್ಯರಾತ್ರೀಲಿ ಎಲ್ರೂ ಮಲಗಿದ್ದಾಗ.

ಹಾಗಾಗಿ ಅವರ ಮುಂದೆ ಎರಡು ದಾರಿ ಇತ್ತು. ಒಂದು, ಇನ್ನೊಂದು ಬ್ಯಾಟರಿ ಸೇರಿಸಿ 24 ವೋಲ್ಟಿನ ದೊಡ್ಡ ಇನ್ವರ್ಟರ್ ಹಾಕೋದು. ವೋಲ್ಟೇಜ್ ಡಬಲ್ ಆದ್ರೆ ಬ್ಯಾಟರಿಯಿಂದ ಎಳೆಯೋ ಆಂಪ್ಸ್ ಅರ್ಧ ಆಗತ್ತೆ, ಮೇಲಿನ ತಕರಾರೆಲ್ಲ ಹೋಗತ್ತೆ. ಎರಡನೇದು, ಫ್ರಿಜ್ನೇ ಬದಲಾಯಿಸಿ ಇನ್ವರ್ಟರ್ ಕಂಪ್ರೆಸರ್ ಇರೋದು ತಗೊಳೋದು. ಈ ಕಂಪ್ರೆಸರಲ್ಲಿ ಪಿಟಿಸಿನೂ ಇಲ್ಲ, ಸ್ಟಾರ್ಟಿಂಗ್ ವೈಂಡಿಂಗೂ ಇಲ್ಲ, ಒಂದು ಬೋರ್ಡು ಮೋಟರ್ನ ನಿಧಾನಕ್ಕೆ ಸೊನ್ನೆಯಿಂದ ಸ್ಪೀಡ್ ಏರಿಸ್ತಾ ಹೋಗತ್ತೆ, ಹಾಗಾಗಿ 8 ಆಂಪ್ಸಿನ ಏಟೇ ಇರಲ್ಲ. ಫ್ರಿಜ್ಗೆ ಹೇಗೂ ವಯಸ್ಸಾಗಿತ್ತು, ಅವರು ಎರಡನೇದು ಮಾಡಿದ್ರು. ನನ್ನ ಅಭಿಪ್ರಾಯನೂ ಅದೇ. ಸ್ಟಾರ್ಟ್ ಆಗೋವಾಗಿನ ಒಂದು ಸೆಕೆಂಡಿನ ಕೆಲಸಕ್ಕೆ ಅಂತ ಇಡೀ ಮನೆಯ ಬ್ಯಾಟರಿ ಇನ್ವರ್ಟರ್ನ ದೊಡ್ಡದು ಮಾಡೋದಕ್ಕಿಂತ, ಆ ಸೆಕೆಂಡ್ನೇ ಇಲ್ಲದಂಗೆ ಮಾಡೋ ಫ್ರಿಜ್ ಮೇಲೆ ದುಡ್ಡು ಹಾಕೋದು ಸರಿ.

ಆದ್ರೆ ಇನ್ವರ್ಟರ್ ಕಂಪ್ರೆಸರ್ ಅಂದ ತಕ್ಷಣ ಎಲ್ಲಾ ಸುಲಭ ಅಂತಲ್ಲ. ಅದರ ಬೋರ್ಡು ಸೈನ್ ವೇವಿನ ಆ 325 ವೋಲ್ಟ್ ತುದಿ ನಂಬ್ಕೊಂಡಿರತ್ತೆ, ಸ್ಕ್ವೇರ್ ವೇವ್ ಕೊಟ್ರೆ ತುದಿ 230 ಕ್ಕೇ ನಿಲ್ಲತ್ತೆ, ಬೋರ್ಡಿಗೆ ಅದು ಲೋ ವೋಲ್ಟೇಜ್ ಥರ ಕಾಣಬಹುದು, ಪಟ್ ಅಂತ ಏರೋ ವೇವ್ಗೆ ಒಳಗಿನ ಕೆಪಾಸಿಟರ್ ಮೇಲೆ ಕರೆಂಟಿನ ಹೊಡೆತನೂ ಜಾಸ್ತಿ. ಹಾಗಾಗಿ ಇದಕ್ಕೂ ಸೈನ್ ವೇವೇ ಬೇಕು. ಎರಡನೇದು ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್ಗಳಲ್ಲಿ ಐಸ್ ಕರಗಿಸೋಕೆ ಒಂದು ಹೀಟರ್ ಇರತ್ತೆ, 150 ರಿಂದ 250 ವ್ಯಾಟ್ ತನಕ, ದಿನದಲ್ಲಿ ಯಾವಾಗಲೋ ತಾನಾಗೇ ಆನ್ ಆಗಿ ಸುಮಾರು ಹೊತ್ತು ಇರತ್ತೆ. ಕಂಪ್ರೆಸರ್ 60-70 ವ್ಯಾಟಲ್ಲಿ ಓಡ್ತಿದೆ ಅಂತ ನೋಡ್ಕೊಂಡು ಚಿಕ್ಕ ಇನ್ವರ್ಟರ್ ಹಾಕಿದವರು ಇದನ್ನ ಮರೀತಾರೆ. ಬ್ಯಾಕಪ್ ಮುಖ್ಯ ಅಂದ್ರೆ ಸಿಂಗಲ್ ಡೋರೇ ವಾಸಿ.

ಸೋಲಾರ್ ಲೆಕ್ಕ ಇಲ್ಲೇ ಬಂತು. ಸ್ಟಾರ್ಟಿಂಗ್ ಏಟು ಹೋದ್ಮೇಲೆ ಉಳಿಯೋದು ಯೂನಿಟ್ ಲೆಕ್ಕ. ಅಂಥ ಸಿಂಗಲ್ ಡೋರ್ ಫ್ರಿಜ್ಜು ದಿನಕ್ಕೆ ಸುಮಾರು ಅರ್ಧ ಯೂನಿಟ್ ತಿನ್ನತ್ತೆ. ಇದನ್ನ ನೋಡಿ 150 ಎಎಚ್ ಬ್ಯಾಟರೀಲಿ 1.8 ಯೂನಿಟ್ ಇದೆ, ಮೂರು ದಿನ ಬರತ್ತೆ ಅಂತ ಲೆಕ್ಕ ಹಾಕ್ತಾರೆ, ಬರಲ್ಲ. ಬ್ಯಾಟರಿ ಬಾಳಿಕೆ ಬರ್ಬೇಕು ಅಂದ್ರೆ ಅರ್ಧಕ್ಕಿಂತ ಇಳಿಸ್ಬಾರ್ದು, ಅಲ್ಲಿಗೆ 0.9 ಯೂನಿಟ್. ಮತ್ತೆ ಇನ್ವರ್ಟರ್ ಸುಮ್ನೆ ಆನ್ ಇರೋಕೇ 15 ವ್ಯಾಟ್ ತಗೊಂಡ್ರೆ 24 ಗಂಟೆಗೆ 0.36 ಯೂನಿಟ್ ಆಯ್ತು, ಫ್ರಿಜ್ ತಿನ್ನೋದರ ಮುಕ್ಕಾಲು ಪಾಲು ಅದು ತಾನೇ ತಿಂತು. ಎರಡೂ ಸೇರಿ 0.86, ಅದರ ಮೇಲೆ ಕನ್ವರ್ಷನ್ ಲಾಸು, ಅಂದ್ರೆ ಒಂದು ದಿನ ತಳ್ಳೋದೇ ಕಷ್ಟ. ಇನ್ವರ್ಟರ್ ಕೊಳ್ಳೋವಾಗ ನೋ-ಲೋಡ್ ಎಷ್ಟು ವ್ಯಾಟ್ ಅಂತ ಯಾರೂ ಕೇಳಲ್ಲ, ಫ್ರಿಜ್ ಓಡಿಸೋರು ಮೊದ್ಲು ಕೇಳ್ಬೇಕಾದ್ದು ಅದನ್ನೇ.

ಫೆಬ್ರವರಿ ಬಿಸಿಲಲ್ಲಿ 330 ವ್ಯಾಟಿನ ಒಂದು ಪ್ಯಾನೆಲ್, ಮರದ ನೆರಳು ಬೀಳ್ದಿದ್ರೆ, ದಿನಕ್ಕೆ ಒಂದು ಯೂನಿಟ್ ಮೇಲೆ ಕೊಡತ್ತೆ, ಎರಡು ಇದ್ರೆ ಧಾರಾಳ ಆಯ್ತು. ಜುಲೈಲಿ ಮೂಡಿಗೆರೆ ಮೋಡದ ಕೆಳಗೆ ಅದೇ ಪ್ಯಾನೆಲ್ ಹತ್ತರಲ್ಲಿ ಒಂದು ಪಾಲು ಕೊಡೋ ದಿನಗಳೂ ಇರ್ತವೆ. ನಮಗೆ ಕರೆಂಟ್ ಹೋಗೋದು ಆ ದಿನಗಳಲ್ಲೇ. ಹಾಸನ, ಅರಸೀಕೆರೆ ಕಡೆ ಬಯಲಲ್ಲಿ ಇರೋರಿಗೆ ಸೋಲಾರ್ ಒಂದೇ ಸಾಕಾಗಬಹುದು, ಘಟ್ಟದ ಅಂಚಿನವರಿಗೆ ಮಳೆಗಾಲಕ್ಕೆ ಜನರೇಟರ್ ಬೇಕೇ ಬೇಕು. ಅಂದಹಾಗೆ ಈ ದೊಡ್ಡ ಪ್ಯಾನೆಲ್ಗಳ ವೋಲ್ಟೇಜ್ ಜಾಸ್ತಿ, 12 ವೋಲ್ಟ್ ಬ್ಯಾಟರಿಗೆ ಹಾಕೋದಾದ್ರೆ ಎಂಪಿಪಿಟಿ ಚಾರ್ಜರ್ ಇರ್ಬೇಕು, ಮಾಮೂಲಿ ಪಿಡಬ್ಲ್ಯೂಎಂ ಆದ್ರೆ ಅರ್ಧಕ್ಕಿಂತ ಜಾಸ್ತಿ ವೇಸ್ಟ್ ಆಗತ್ತೆ.

ಜನರೇಟರ್ ಕಡೆ ವೇವ್ಗಿಂತ ಜಾಸ್ತಿ ನೋಡ್ಬೇಕಾದ್ದು ಸ್ಪೀಡು. ನಮ್ಮಲ್ಲಿರೋ ಚಿಕ್ಕ ಪೆಟ್ರೋಲ್, ಸೀಮೆಎಣ್ಣೆ ಜನರೇಟರ್ಗಳು ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ 50 ಹರ್ಟ್ಸ್ ಕೊಡ್ತವೆ. ಫ್ರಿಜ್ ಸ್ಟಾರ್ಟ್ ಆಗೋ ಹೊತ್ತಿಗೆ ಎಂಜಿನ್ ಒಂದು ಸಲ ಗುಕ್ ಅಂತ ಇಳಿಯತ್ತೆ, ಗವರ್ನರ್ ಎಣ್ಣೆ ಜಾಸ್ತಿ ಬಿಟ್ಟು ಮತ್ತೆ ಏರಿಸತ್ತೆ. ಒಂದು ಕೆವಿಎ ಸೆಟ್ಟಲ್ಲಿ ಅದು ಏರೋದ್ರೊಳಗೆ ವೋಲ್ಟೇಜೂ ಬಿದ್ದಿರತ್ತೆ, ಅದೇ ಹಳೇ ಕಥೆ, ಬಲ ಇಲ್ಲ, ಝುಂ, ಟಿಕ್. ಮಾಮೂಲಿ ಕಂಪ್ರೆಸರಿಗೆ ಎರಡು ಕೆವಿಎ ಇದ್ರೆ ನಿಶ್ಚಿಂತೆ, ವೋಲ್ಟೇಜ್ನ ತಾನೇ ಸರಿ ಮಾಡ್ಕೊಳೋ ಎವಿಆರ್ ಇರೋ ಸೆಟ್ ಆದ್ರೆ ಇನ್ನೂ ಒಳ್ಳೇದು. ಇನ್ವರ್ಟರ್ ಜನರೇಟರ್ ಅಂತ ಬರತ್ತಲ್ಲ, ಅದರ ವೇವ್ ಚೊಕ್ಕ, ಆದ್ರೆ ಅದ್ರಲ್ಲಿ ಇಕೋ ಸ್ವಿಚ್ ಹಾಕಿದ್ರೆ ಎಂಜಿನ್ ನಿಧಾನಕ್ಕೆ ಓಡ್ತಿರತ್ತೆ, ಫ್ರಿಜ್ ಸ್ಟಾರ್ಟ್ ಆಗೋ ಏಟಿಗೆ ರೆಡಿ ಇರಲ್ಲ. ಮಾಮೂಲಿ ಫ್ರಿಜ್ ಇದ್ರೆ ಇಕೋ ಆಫ್ ಮಾಡಿ.

ಕಾರ್ಬೋರೇಟರಲ್ಲಿ ಕಸ ಇದ್ರೆ ಎಂಜಿನ್ ಊಂ ಊಂ ಅಂತ ಏರಿ ಇಳೀತಾ ಇರತ್ತೆ, ಅದರ ಜೊತೆ ವೋಲ್ಟೇಜ್ 190 ಕ್ಕೂ 250 ಕ್ಕೂ ಓಡಾಡತ್ತೆ. ಹಿಂದೆ ಗುಂಡು ಬಲ್ಬಿನ ಕಾಲದಲ್ಲಿ ಬೆಳಕು ನೋಡಿದ್ರೇ ಗೊತ್ತಾಗ್ತಿತ್ತು. ಈಗಿನ ಎಲ್‌ಇಡಿ ಬಲ್ಬು 150 ವೋಲ್ಟಲ್ಲೂ ಹಾಗೇ ಉರಿಯೋದ್ರಿಂದ ಬಲ್ಬ್ ನೋಡಿ ಕರೆಂಟ್ ಚೆನ್ನಾಗಿದೆ ಅಂದ್ಕೋಬೇಡಿ, ಹರ್ಟ್ಸ್ ತೋರಿಸೋ ಮೀಟರ್ ಹಾಕಿ. ಲೋಡ್ ಇಲ್ದಾಗ 52 ಆಸುಪಾಸು ಇದ್ದು ಲೋಡ್ ಹಾಕಿದಾಗ 50 ಕ್ಕೆ ಬಂದ್ರೆ ಸೆಟ್ ಸರಿ ಇದೆ. 47 ಕ್ಕಿಂತ ಕೆಳಗೆ ಹೋಗ್ತಿದ್ರೆ ಫ್ರಿಜ್ ಹಾಕೋ ಮುಂಚೆ ಕಾರ್ಬೋರೇಟರ್, ಗವರ್ನರ್ ನೋಡಿಸ್ಬೇಕು.

ಜನರೇಟರ್ ಮೇಲೆ ಫ್ರಿಜ್ ಸುಡೋದು ಸ್ಟಾರ್ಟ್ ಆಗೋವಾಗ ಎಷ್ಟೋ ಜನರೇಟರ್ ಬಂದ್ ಆಗೋವಾಗಲೂ ಅಷ್ಟೇ. ಪೆಟ್ರೋಲ್ ಮುಗೀತಾ ಬಂದು ಎಂಜಿನ್ ಡುಕು ಡುಕು ಅಂತ ಸಾಯ್ತಿರತ್ತೆ, ಆ ಅರ್ಧ ನಿಮಿಷ ಫ್ರಿಜ್ ಲೈನಲ್ಲೇ ಇದ್ರೆ ನೂರು ನೂರೈವತ್ತು ವೋಲ್ಟಲ್ಲಿ ಒದ್ದಾಡತ್ತೆ. ಅದಕ್ಕೆ ಕ್ರಮ ಹೀಗಿರ್ಲಿ: ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಖಾಲಿ ಓಡಿಸಿ, ಎಂಜಿನ್ ಒಂದೇ ಸಮ ಆದ್ಮೇಲೆ ಫ್ರಿಜ್ ಹಾಕಿ, ಫ್ರಿಜ್ ಹಿಡಿದ್ಮೇಲೆ ಉಳಿದ ಲೈಟ್ ಮೋಟರ್ ಹಾಕಿ. ನಿಲ್ಲಿಸೋವಾಗ ಮೊದ್ಲು ಫ್ರಿಜ್ ತೆಗೀರಿ, ಆಮೇಲೆ ಎಂಜಿನ್. ಟ್ಯಾಂಕ್ ಖಾಲಿ ಆಗೋ ತನಕ ಬಿಡ್ಬೇಡಿ.

ಇಡೀ ದಿನ ಓಡಿಸೋ ಅಗತ್ಯನೂ ಇಲ್ಲ. ಬಾಗಿಲು ತೆಗೀದೆ ಇದ್ರೆ ಫ್ರಿಜ್ ಒಳಗಿನ ತಂಪು ನಾಲ್ಕು ಗಂಟೆ ತಡೆಯತ್ತೆ, ಫ್ರೀಜರಲ್ಲಿ ನೀರು ತುಂಬಿದ ಬಾಟ್ಲಿ ಗಟ್ಟಿ ಮಾಡಿಟ್ಟಿದ್ರೆ ಇನ್ನೂ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಒಂದು, ಸಂಜೆ ಎರಡು ಗಂಟೆ ಓಡಿಸಿ ಆ ಹೊತ್ತಲ್ಲೇ ಬ್ಯಾಟರಿನೂ ಚಾರ್ಜ್ ಮಾಡ್ಕೊಳಿ, ರಾತ್ರಿನ ಸೈನ್ ವೇವ್ ಇನ್ವರ್ಟರ್ ನೋಡ್ಕೊಳತ್ತೆ. ಆ ಮೂಡಿಗೆರೆ ಮನೇಲಿ ಈಗ ಹೀಗೇ ನಡೀತಿದೆ. ಆದ್ರೆ ಸಂತೆ ದಿನ ತಂದ ಮೀನು ಮಾಂಸ ಪೂರ್ತಿ ಗಟ್ಟಿ ಆಗ್ಬೇಕು ಅಂದ್ರೆ ಆ ಒಂದು ದಿನ ಜಾಸ್ತಿ ಓಡಿಸ್ಲೇಬೇಕು.

ಜನರೇಟರ್ನ ಮನೆ ವೈರಿಂಗಿಗೆ ಸೇರಿಸೋದಾದ್ರೆ ಚೇಂಜ್‌ಓವರ್ ಸ್ವಿಚ್ ಇಲ್ದೆ ಸೇರಿಸ್ಬೇಡಿ. ಎರಡೂ ಕಡೆ ಪಿನ್ ಇರೋ ವೈರ್ ಮಾಡ್ಕೊಂಡು ಸಾಕೆಟ್ಗೆ ಚುಚ್ಚೋರನ್ನ ಈಗ್ಲೂ ನೋಡ್ತೀನಿ. ಆಗ ಜನರೇಟರ್ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಲ್ಲಿ ಹನ್ನೊಂದು ಸಾವಿರ ವೋಲ್ಟ್ ಆಗಿ ಲೈನಿಗೆ ಏರಬಹುದು, ಅದೇ ಹೊತ್ತಿಗೆ ಮಳೇಲಿ ಬಿದ್ದ ಮರ ತೆಗೆದು ತಂತಿ ಕಟ್ತಿರೋ ಲೈನ್‌ಮನ್ ಕೈ ಅದರ ಮೇಲಿರತ್ತೆ. ಹಾಗೇ ಮಳೆ ಅಂತ ಜನರೇಟರ್ನ ಜಗಲಿ ಒಳಗೆ, ಮುಚ್ಚಿದ ಶೆಡ್ಡಲ್ಲಿ ಇಡ್ಬೇಡಿ, ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್ಗೆ ವಾಸ್ನೆ ಇರಲ್ಲ, ಮಲಗಿದವರು ಏಳಲ್ಲ. ಮನೆಯಿಂದ ಆಚೆ, ಕಿಟಕಿಗಳಿಂದ ದೂರ, ಮೇಲೆ ಒಂದು ತಗಡು ಹೊದಿಸಿ ನಾಲ್ಕೂ ಕಡೆ ಬಯಲು ಬಿಡಿ, ಅಲ್ಲಿಂದ ಫ್ರಿಜ್ ತನಕ 2.5 ಸ್ಕ್ವೇರ್ ಎಂಎಂ ವೈರ್ ಎಳೀರಿ. ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸಿನ ವೈರಲ್ಲಿ ಎಳೆದ್ರೆ ಸ್ಟಾರ್ಟಿಂಗ್ ಹೊತ್ತಲ್ಲಿ ಅಲ್ಲೂ ಒಂದಷ್ಟು ವೋಲ್ಟ್ ಬೀಳತ್ತೆ, ಕಂಪ್ರೆಸರಿಗೆ ಬೇಕಾದ್ದು ಅಲ್ಲೇ ಸೋರಿಹೋಗತ್ತೆ.